ಆನ್‌ಲೈನ್ ಅಂಗಡಿಯಲ್ಲಿ ಸರಕಿನ ವಿವರಣೆಯೇ ಮಾದರಿ

ಬಾಳ್ಳುಪೇಟೆಯ ಕಾಫಿ ಮಂಡಿಗೆ ಬೆಳೆಗಾರರೊಬ್ಬರು ಚೆರ್ರಿ ಚೀಲಗಳನ್ನು ತಂದಿಳಿಸಿದಾಗ ಅಲ್ಲಿ ಹೊಗಳಿಕೆಯ ಮಾತಿಗೆ ಬೆಲೆಯಿಲ್ಲ. ವರ್ತಕರು ಚೀಲದಿಂದ ಮಾದರಿ ತೆಗೆಯುತ್ತಾರೆ, ತೇವಾಂಶ ನೋಡುತ್ತಾರೆ, ಸಿಪ್ಪೆ ಬಿಡಿಸಿ ಬೀಜವನ್ನು ತೂಗುತ್ತಾರೆ, 50 ಕಿಲೋ ಚೀಲಕ್ಕೆ ಎಷ್ಟು ಔಟ್‌ಟರ್ನ್ ಎಂದು ಲೆಕ್ಕ ಹಾಕಿ ದರ ಹೇಳುತ್ತಾರೆ. ಮೆಣಸಾದರೆ ಅಂಗೈಯಲ್ಲಿ ಹಿಡಿದು ತೂಕ ಅಂದಾಜಿಸುತ್ತಾರೆ. ಏಲಕ್ಕಿಯಾದರೆ ಕಾಯಿ ಒಡೆದು ಒಳಗಿನ ಬೀಜದ ಬಣ್ಣ ನೋಡುತ್ತಾರೆ. “ನಮ್ಮದು ಉತ್ಕೃಷ್ಟ ಮಾಲು” ಎಂದು ಹೇಳಿದ ಮಾತ್ರಕ್ಕೆ ಈ ರಸ್ತೆಯಲ್ಲಿ ಯಾರೂ ಒಂದು ರೂಪಾಯಿ ಹೆಚ್ಚು ಕೊಟ್ಟದ್ದಿಲ್ಲ.

ಆದರೆ ಇದೇ ವರ್ತಕರು, ಅಥವಾ ಅವರ ಮಕ್ಕಳು, ಕಾಫಿ ಪುಡಿಯನ್ನೋ ಏಲಕ್ಕಿಯನ್ನೋ ಪೊಟ್ಟಣ ಕಟ್ಟಿ ಆನ್‌ಲೈನ್ ಅಂಗಡಿಯಲ್ಲಿ ಮಾರಲು ಹೊರಟಾಗ ಬರೆಯುವುದು ಏನನ್ನು? “ಮಲೆನಾಡಿನ ಮಡಿಲಿನಿಂದ ನೇರವಾಗಿ ನಿಮ್ಮ ಮನೆಗೆ, ಪರಿಶುದ್ಧ, ಸುವಾಸನಾಭರಿತ, ಅತ್ಯುತ್ತಮ ಗುಣಮಟ್ಟ.” ತಾವೇ ಕೊಳ್ಳುವಾಗ ಕ್ಷಣಮಾತ್ರವೂ ಒಪ್ಪದ ಮಾತನ್ನು ಮಾರುವಾಗ ಗ್ರಾಹಕರು ಒಪ್ಪಲಿ ಎಂದು ನಿರೀಕ್ಷಿಸುವುದು ವಿಚಿತ್ರವಾಗಿದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತಿರುವ ಗೃಹಿಣಿಗೆ ಚೀಲದೊಳಗೆ ಕೈ ಹಾಕುವ ಅವಕಾಶವಿಲ್ಲ. ಆಕೆಯ ಕೈ ಮಾಡಬೇಕಾದ ಕೆಲಸವನ್ನು ವಿವರಣೆಯ ನಾಲ್ಕು ಸಾಲುಗಳು ಮಾಡಬೇಕು. ಆನ್‌ಲೈನ್ ವ್ಯಾಪಾರದಲ್ಲಿ ಸರಕಿನ ವಿವರಣೆಯೆಂಬುದು ಜಾಹೀರಾತಲ್ಲ, ಅದು ಮಾದರಿ ಎಂಬ ಸಂಗತಿಯನ್ನು ನಮ್ಮ ಭಾಗದ ಸಣ್ಣ ಉದ್ಯಮಿಗಳು ಇನ್ನೂ ಗಂಭೀರವಾಗಿ ಪರಿಗಣಿಸಿದಂತಿಲ್ಲ.

ಮರಳಿ ಬಂದ ಪೊಟ್ಟಣದ ಲೆಕ್ಕ

ವಿವರಣೆಯಲ್ಲಿ ಉತ್ತರಿಸದೆ ಬಿಟ್ಟ ಸಂಶಯವು ಎರಡು ರೀತಿಯಲ್ಲಿ ನಷ್ಟ ತರುತ್ತದೆ. ಗ್ರಾಹಕರು ಕೊಳ್ಳದೆ ಹೋಗಬಹುದು. ಈ ನಷ್ಟ ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಅಥವಾ ತಪ್ಪು ಭಾವಿಸಿ ಕೊಂಡು, ಪೊಟ್ಟಣ ಒಡೆದ ಮೇಲೆ ಮರಳಿಸಬಹುದು. ಈ ನಷ್ಟ ಪುಸ್ತಕಕ್ಕೆ ಬರುತ್ತದೆಯಾದರೂ ಎಷ್ಟೆಂಬುದನ್ನು ಕೂಡಿ ನೋಡುವವರು ಕಡಿಮೆ.

ಉದಾಹರಣೆಗಾಗಿ 500 ಗ್ರಾಂ ಕಾಫಿ ಪುಡಿಯ ಒಂದು ಪೊಟ್ಟಣವನ್ನು ತೆಗೆದುಕೊಳ್ಳಬಹುದು. ಮಾರಾಟ ಬೆಲೆ ಶೇಕಡ 5 ಜಿಎಸ್‌ಟಿ ಸೇರಿ 450 ರೂಪಾಯಿ ಎಂದಿಟ್ಟುಕೊಂಡರೆ, ತೆರಿಗೆ 21 ರೂ. 43 ಪೈಸೆ ಕಳೆದು ಮಾರಾಟಗಾರರಿಗೆ ದಕ್ಕುವುದು 428 ರೂ. 57 ಪೈಸೆ. ಪುಡಿಯ ತಯಾರಿಕಾ ವೆಚ್ಚ 310, ಪೊಟ್ಟಣ ಹಾಗೂ ರಟ್ಟಿನ ಪೆಟ್ಟಿಗೆ 18, ಕೊರಿಯರ್ 60, ಒಟ್ಟು 388 ರೂಪಾಯಿ ಖರ್ಚು. ಉಳಿಯುವ ಲಾಭ 40 ರೂ. 57 ಪೈಸೆ.

ಈಗ ಅದೇ ಪೊಟ್ಟಣ “ಡಿಕಾಕ್ಷನ್ ನೀರಾಗಿದೆ” ಎಂಬ ದೂರಿನೊಂದಿಗೆ ಒಡೆದ ಸ್ಥಿತಿಯಲ್ಲಿ ಮರಳಿತೆಂದು ಭಾವಿಸೋಣ. ಗ್ರಾಹಕರಿಗೆ 450 ರೂಪಾಯಿ ಪೂರ್ತಿ ಹಿಂದಿರುಗಿಸಬೇಕು. ಒಡೆದ ಆಹಾರ ಪದಾರ್ಥವನ್ನು ಮತ್ತೆ ಮಾರುವಂತಿಲ್ಲ. ಮೊದಲು ಖರ್ಚಾದ 388 ರೂಪಾಯಿಯೂ ಹೋಯಿತು. ಮರಳಿ ತರಿಸಿದ ಕೊರಿಯರ್‌ಗೆ 70 ರೂಪಾಯಿ ಸೇರಿದರೆ ನಷ್ಟ 458 ರೂಪಾಯಿ. ಅಂದರೆ ಹನ್ನೊಂದು ಪೊಟ್ಟಣಗಳಿಂದ ದುಡಿದ ಲಾಭವನ್ನು ಒಂದೇ ಪೊಟ್ಟಣ ನುಂಗಿತು. ಹನ್ನೆರಡು ಪೊಟ್ಟಣಗಳಲ್ಲಿ ಒಂದು ಹೀಗೆ ಮರಳುತ್ತಿದ್ದರೆ ಆ ವ್ಯಾಪಾರದಲ್ಲಿ ಲಾಭವೆಂಬುದೇ ಇರುವುದಿಲ್ಲ.

ತೆರಿಗೆಯ ಬಾಬತ್ತನ್ನೂ ಇಲ್ಲಿ ಗಮನಿಸಬೇಕು. ಮರಳಿದ ಸರಕಿಗೆ ಸಿಜಿಎಸ್‌ಟಿ ಕಾಯ್ದೆಯ 34ನೇ ಕಲಮಿನಂತೆ ಕ್ರೆಡಿಟ್ ನೋಟ್ ನೀಡಿ ತೆರಿಗೆ ಹೊಣೆಯನ್ನು ಇಳಿಸಿಕೊಳ್ಳಲು ಅವಕಾಶವಿದೆ. ಆದರೆ ಮಾರಾಟವಾದ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರೊಳಗೆ, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸುವ ದಿನ ಅದಕ್ಕಿಂತ ಮೊದಲೇ ಬಂದರೆ ಆ ದಿನದೊಳಗೆ, ಅದನ್ನು ರಿಟರ್ನಿನಲ್ಲಿ ತೋರಿಸಬೇಕು. ಎಸೆಯಬೇಕಾಗಿ ಬಂದ ಸರಕಿನ ಮೇಲೆ ಪಡೆದಿದ್ದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು 17(5)ನೇ ಕಲಮಿನಂತೆ ಹಿಂದಿರುಗಿಸಬೇಕಾಗುತ್ತದೆ. ಹೀಗೆ ಒಂದು ಪೊಟ್ಟಣ ಮರಳಿದರೆ ಹಣದ ಜೊತೆಗೆ ಲೆಕ್ಕಪತ್ರದ ಕೆಲಸವೂ ಬೆಳೆಯುತ್ತದೆ. ಈ ಎಲ್ಲ ವೆಚ್ಚದ ಮುಂದೆ, ವಿವರಣೆಯನ್ನು ಸರಿಯಾಗಿ ಬರೆಯಲು ಬೇಕಾದ ಅರ್ಧ ದಿನದ ಶ್ರಮ ಏನೇನೂ ಅಲ್ಲ.

ಗಾತ್ರ: ಎಂಟು ಮಿಲಿಮೀಟರ್ ಎಂದರೆ ಯಾವುದು?

ಗಾತ್ರದ ಸಂಶಯಕ್ಕೆ ಏಲಕ್ಕಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ವ್ಯಾಪಾರದಲ್ಲಿ “8 ಎಂಎಂ ಬೋಲ್ಡ್” ಎಂಬ ಮಾತು ಎಲ್ಲರಿಗೂ ಅರ್ಥವಾಗುತ್ತದೆ. ಎಂಟು ಮಿಲಿಮೀಟರ್ ದುಂಡು ರಂಧ್ರದ ಜರಡಿಯಲ್ಲಿ ಆಡಿಸಿದಾಗ ಕೆಳಗೆ ಬೀಳದೆ ಮೇಲೆ ಉಳಿದ ಕಾಯಿ ಎಂದು ಅದರ ಅರ್ಥ. ಅದು ಕಾಯಿಯ ದಪ್ಪದ ಅಳತೆಯೇ ಹೊರತು ಉದ್ದದ ಅಳತೆಯಲ್ಲ. ಆದರೆ ಮನೆಯಲ್ಲಿ ಪೊಟ್ಟಣ ಬಿಡಿಸುವವರಿಗೆ ಈ ಸಂಗತಿ ಹೇಗೆ ತಿಳಿಯಬೇಕು? ಅವರು ಮಗುವಿನ ಸ್ಕೇಲನ್ನು ತಂದು ಕಾಯಿಯ ಉದ್ದವನ್ನು ಅಳೆಯುತ್ತಾರೆ. ಉದ್ದ ಎಂಟಕ್ಕಿಂತ ಬಹಳ ಹೆಚ್ಚಿರುವುದರಿಂದ, ಹೇಳಿದ ಅಂಕಿಗೂ ಬಂದ ಮಾಲಿಗೂ ಸಂಬಂಧವೇ ಇಲ್ಲವೆಂದು ಗೊಂದಲಕ್ಕೆ ಬೀಳುತ್ತಾರೆ. ಇನ್ನು ಕೆಲವರು ಎಂಟು ಮಿಲಿಮೀಟರ್ ಎಂಬುದನ್ನು ಓದಿ “ಇಷ್ಟು ಚಿಕ್ಕದೇ?” ಎಂದು ಕೊಳ್ಳದೆಯೇ ಹೋಗುತ್ತಾರೆ. ಒಂದೇ ವಾಕ್ಯ ಇವೆರಡನ್ನೂ ತಪ್ಪಿಸುತ್ತದೆ: “8 ಮಿ.ಮೀ. ಎಂಬುದು ಕಾಯಿಯ ದಪ್ಪ. ಉದ್ದ ಇದಕ್ಕಿಂತ ಹೆಚ್ಚಿರುತ್ತದೆ.”

ಎರಡನೆಯ ತೊಡಕು ಚಿತ್ರದಿಂದ ಬರುವಂಥದು. ಪರದೆಯ ತುಂಬ ಹಿಗ್ಗಿಸಿದ ಏಲಕ್ಕಿಯ ಚಿತ್ರ ನೋಡಿದವರ ಮನಸ್ಸಿನಲ್ಲಿ ಕಾಯಿ ಹೆಬ್ಬೆರಳಿನಷ್ಟಿರುತ್ತದೆ. ಕಾಯಿಯ ಪಕ್ಕದಲ್ಲಿ ಅಂಕಿಗಳು ಸ್ಪಷ್ಟವಾಗಿ ಕಾಣುವಂತೆ ಒಂದು ಸ್ಕೇಲನ್ನಿಟ್ಟು ತೆಗೆದ ಚಿತ್ರ ಅಷ್ಟು ಸುಂದರವಾಗಿರದಿದ್ದರೂ ಸತ್ಯ ಹೇಳುತ್ತದೆ. ಚಿತ್ರಕ್ಕೆ ಆರಿಸಿದ ಹತ್ತು ಕಾಯಿಗಳು ಪೊಟ್ಟಣದಲ್ಲಿನ ಸರಾಸರಿ ಕಾಯಿಗಳಾಗಿರಬೇಕು. ಮೂಟೆಯಲ್ಲೇ ದೊಡ್ಡದಾದ ಹತ್ತು ಕಾಯಿಗಳಾಗಿರಬಾರದು.

ಮೂರನೆಯದು ಇನ್ನೂ ಮುಖ್ಯವಾದುದು. ಗಾತ್ರ ದೊಡ್ಡದಿದ್ದ ಮಾತ್ರಕ್ಕೆ ಕಾಯಿ ತುಂಬಿದೆಯೆಂದು ಅರ್ಥವಲ್ಲ. ದಪ್ಪವಾಗಿ ಕಂಡರೂ ಒಳಗೆ ಬೀಜ ಜೊಳ್ಳಾಗಿರುವುದುಂಟು. ಇದನ್ನು ಕಂಡುಕೊಳ್ಳಲೆಂದೇ ವ್ಯಾಪಾರದಲ್ಲಿ ಲೀಟರ್ ತೂಕದ ಪದ್ಧತಿಯಿದೆ. ಒಂದು ಲೀಟರ್ ಅಳತೆಯ ಪಾತ್ರೆಯಲ್ಲಿ ಕಾಯಿಯನ್ನು ಸಮಮಟ್ಟಕ್ಕೆ ತುಂಬಿ ತೂಗಿದರೆ ಬರುವ ಗ್ರಾಂ ಲೆಕ್ಕವೇ ಲೀಟರ್ ತೂಕ. ಆಗ್‌ಮಾರ್ಕ್ ಶ್ರೇಣಿಗಳಲ್ಲಿ ಅಲೆಪ್ಪಿ ಗ್ರೀನ್ ಎಕ್ಸ್‌ಟ್ರಾ ಬೋಲ್ಡ್ ಎಂಬ ದರ್ಜೆಗೆ 7 ಮಿಲಿಮೀಟರ್ ಗಾತ್ರದ ಜೊತೆಗೆ ಲೀಟರಿಗೆ 435 ಗ್ರಾಂ ತೂಕವನ್ನೂ ನಿಗದಿಪಡಿಸಿರುವುದು ಈ ಕಾರಣಕ್ಕೇ. ಮನೆಬಳಕೆಯ ಗ್ರಾಹಕರಿಗೆ ಲೀಟರ್ ತೂಕದ ಪರಿಚಯವಿರುವುದಿಲ್ಲ. ಅವರಿಗೆ ಅದನ್ನು ಬಳಕೆಯ ಮಾತಿನಲ್ಲಿ ಹೇಳಬೇಕು: 50 ಗ್ರಾಂ ಪೊಟ್ಟಣದಲ್ಲಿ ಸುಮಾರು ಎಷ್ಟು ಕಾಯಿಗಳಿವೆ, ಕಾಯಿ ಒಡೆದರೆ ಬೀಜ ಕಪ್ಪಾಗಿ ಒತ್ತಾಗಿ ತುಂಬಿರುತ್ತದೆಯೇ ಎಂಬುದನ್ನು. ಈ ಎಣಿಕೆಯನ್ನು ಊಹಿಸಿ ಬರೆಯಬಾರದು. ಹತ್ತು ಪೊಟ್ಟಣಗಳನ್ನು ಸುರಿದು ಎಣಿಸಿ, ಕನಿಷ್ಠ ಹಾಗೂ ಗರಿಷ್ಠ ಸಂಖ್ಯೆಗಳೆರಡನ್ನೂ ಬರೆಯಬೇಕು.

ಜರಡಿ ಆಡಿಸಿದ ಮೇಲೂ ಕೆಲವು ಚಿಕ್ಕ ಕಾಯಿಗಳು ಉಳಿಯುತ್ತವೆ. “ನೂರು ಗ್ರಾಂನಲ್ಲಿ ಐದು ಗ್ರಾಂವರೆಗೆ ಚಿಕ್ಕ ಕಾಯಿ ಇರಬಹುದು” ಎಂದು ತಮ್ಮ ಜರಡಿಯ ಅನುಭವದಂತೆ ಮೊದಲೇ ಬರೆದವರಿಗೆ ಮೂರು ಚಿಕ್ಕ ಕಾಯಿಗಳ ಚಿತ್ರ ಕಳುಹಿಸಿ ಜಗಳವಾಡುವ ಗ್ರಾಹಕರ ಭಯವಿಲ್ಲ.

ಮೂಲವಸ್ತು: ಪುಡಿಯೊಳಗೆ ಏನಿದೆ?

ಬಟ್ಟೆ ಕೊಳ್ಳುವವರು ಹತ್ತಿಯೋ ಪಾಲಿಯೆಸ್ಟರೋ ಎಂದು ಕೇಳುವಂತೆ, ಕಾಫಿ ಪುಡಿ ಕೊಳ್ಳುವವರು ಚಿಕೋರಿ ಎಷ್ಟು ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಕಾನೂನು ಅರ್ಧ ಉತ್ತರವನ್ನು ಕೊಟ್ಟಿದೆ. ಆಹಾರ ಸುರಕ್ಷತಾ ನಿಯಮಗಳಂತೆ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪ್ರಮಾಣ ತೂಕದಲ್ಲಿ ಶೇಕಡ 51ಕ್ಕಿಂತ ಕಡಿಮೆ ಇರಬಾರದು ಮತ್ತು ಎರಡರ ಶೇಕಡಾವಾರು ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು. ಆದ್ದರಿಂದ ಶೇಕಡ 30ರಷ್ಟು ಚಿಕೋರಿ ಬೆರೆಸಿದ ಪುಡಿಯ ಹೆಸರನ್ನು ಆನ್‌ಲೈನ್ ಪುಟದ ಶೀರ್ಷಿಕೆಯಲ್ಲಿ ಬರೀ “ಕಾಫಿ ಪುಡಿ” ಎಂದು ಬರೆದು, ಮಿಶ್ರಣದ ವಿಷಯವನ್ನು ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಿಗೆ ಬಿಡುವುದು ಸರಿಯಲ್ಲ.

ಉಳಿದ ಅರ್ಧ ಉತ್ತರವನ್ನು ವರ್ತಕರೇ ಕೊಡಬೇಕು, ಏಕೆಂದರೆ ಇಲ್ಲಿಯೇ ಹೆಚ್ಚಿನ ದೂರುಗಳು ಹುಟ್ಟುತ್ತವೆ. ಚಿಕೋರಿಯು ಡಿಕಾಕ್ಷನ್‌ಗೆ ಗಾಢ ಬಣ್ಣವನ್ನೂ ಮಂದತ್ವವನ್ನೂ ಕೊಡುತ್ತದೆ. ವರ್ಷಗಟ್ಟಲೆ ಮಿಶ್ರಣದ ಪುಡಿಯನ್ನೇ ಕುಡಿದವರು “ಶುದ್ಧ ಕಾಫಿ” ಎಂಬ ಮಾತಿಗೆ ಮನಸೋತು ಚಿಕೋರಿ ಇಲ್ಲದ ಪುಡಿಯನ್ನು ತರಿಸುತ್ತಾರೆ. ಎಂದಿನಂತೆ ಎರಡು ಚಮಚ ಹಾಕಿ ಎಂದಿನಷ್ಟೇ ನೀರು ಸುರಿಯುತ್ತಾರೆ. ಡಿಕಾಕ್ಷನ್ ತೆಳುವಾಗಿ ಬರುತ್ತದೆ. ಅವರ ದೃಷ್ಟಿಯಲ್ಲಿ ಪುಡಿ ಕಲಬೆರಕೆಯಾದದ್ದು. ವಾಸ್ತವದಲ್ಲಿ ಆ ಪುಡಿ ತಾನು ಹೇಳಿಕೊಂಡದ್ದಕ್ಕೆ ಪೂರ್ಣ ಬದ್ಧವಾಗಿದೆ. ತಪ್ಪು ಪುಡಿಯದಲ್ಲ, ಏನನ್ನು ನಿರೀಕ್ಷಿಸಬೇಕೆಂದು ಹೇಳದ ವಿವರಣೆಯದು. “ಚಿಕೋರಿ ಇಲ್ಲ. ಮಿಶ್ರಣದ ಪುಡಿಗೆ ಹೋಲಿಸಿದರೆ ಡಿಕಾಕ್ಷನ್ ತೆಳುವಾಗಿಯೂ ಬಣ್ಣ ತಿಳಿಯಾಗಿಯೂ ಇರುತ್ತದೆ, ಮಂದವಾಗಿ ಬೇಕಾದವರು ಪುಡಿಯನ್ನು ಹೆಚ್ಚು ಹಾಕಬೇಕು ಅಥವಾ ನಮ್ಮ ಮಿಶ್ರಣವನ್ನು ಆರಿಸಿಕೊಳ್ಳಬಹುದು” ಎಂದು ಬರೆದರೆ ಕೆಲವರು ಶುದ್ಧ ಪುಡಿಯನ್ನು ಕೊಳ್ಳದೆ ಮಿಶ್ರಣವನ್ನು ಕೊಳ್ಳುತ್ತಾರೆ. ಅದು ನಷ್ಟವಲ್ಲ, ಮರಳಿ ಬರಲಿದ್ದ ಪೊಟ್ಟಣವೊಂದು ಮನೆಯಲ್ಲೇ ಉಳಿದ ಹಾಗೆ.

ಪುಡಿಯ ನುಣುಪನ್ನೂ ಮೂಲವಸ್ತುವಿನೊಡನೆಯೇ ಹೇಳಬೇಕು. ನಮ್ಮ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರಿಗೆ ಹೊಂದುವ ಪುಡಿ ಫ್ರೆಂಚ್ ಪ್ರೆಸ್ಸಿಗೆ ತೀರ ನುಣುಪು; ಅಲ್ಲಿ ಅದು ಜಾಲರಿಯಿಂದ ನುಸುಳಿ ಲೋಟದ ತಳದಲ್ಲಿ ಕೆಸರಾಗುತ್ತದೆ. ಫ್ರೆಂಚ್ ಪ್ರೆಸ್ಸಿನ ತರಿಯನ್ನು ಫಿಲ್ಟರಿಗೆ ಹಾಕಿದರೆ ನೀರು ಸರ್ರನೆ ಇಳಿದು ಸಾರ ಬರುವುದಿಲ್ಲ. ಯಾವ ಪಾತ್ರೆಗೆ ಹೊಂದುತ್ತದೆ ಎಂದಷ್ಟೇ ಅಲ್ಲದೆ ಯಾವುದಕ್ಕೆ ಹೊಂದುವುದಿಲ್ಲ ಎಂದೂ ಬರೆಯುವುದು ಅಗತ್ಯ.

ಇನ್ನು ಮೆಣಸಿನ ವಿಷಯ. ಮೆಣಸಿನಲ್ಲಿ ಪರಂಗಿ ಬೀಜ ಬೆರೆಸಿರಬಹುದೆಂಬ ಶಂಕೆ ಎಲ್ಲ ಮನೆಗಳಲ್ಲಿಯೂ ಇದೆ. ನೀರಿಗೆ ಹಾಕಿದರೆ ಮೆಣಸು ಮುಳುಗುತ್ತದೆ, ಪರಂಗಿ ಬೀಜ ತೇಲುತ್ತದೆ ಎಂಬ ಪರೀಕ್ಷೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರವೇ ಪ್ರಚಾರ ಮಾಡಿದೆ. ಆದರೆ ತುಂಬದ ಜೊಳ್ಳು ಮೆಣಸೂ ತೇಲುತ್ತದೆ. ಇದನ್ನು ಅರಿಯದ ಗ್ರಾಹಕರು ತೇಲಿದ ನಾಲ್ಕು ಕಾಳುಗಳನ್ನು ಕಂಡೊಡನೆ ಕಲಬೆರಕೆಯೆಂದು ತೀರ್ಮಾನಿಸುತ್ತಾರೆ. “ತೇಲಿದ ಕಾಳನ್ನು ಒಡೆದು ನೋಡಿ, ಮೆಣಸಾದರೆ ದುಂಡಾಗಿದ್ದು ಖಾರವಾಗಿರುತ್ತದೆ, ಪರಂಗಿ ಬೀಜ ಅಂಡಾಕಾರವಾಗಿದ್ದು ಖಾರವಿರುವುದಿಲ್ಲ” ಎಂದು ಮೊದಲೇ ತಿಳಿಸಿದ ಮಾರಾಟಗಾರರ ಮೇಲೆ ವಿಶ್ವಾಸ ಹೆಚ್ಚುತ್ತದೆ. ಹಾಗೆಯೇ ಹೊಳಪಿನ ಪ್ರಶ್ನೆ. ಒಣಗಿಸಿದ ಮೆಣಸು ಸಹಜವಾಗಿ ಮಂಕಾಗಿಯೇ ಇರುತ್ತದೆ. ಎಣ್ಣೆ ಸವರಿದಂತೆ ಹೊಳೆಯುವುದಿಲ್ಲ. ಮಂಕಾದ ಮೆಣಸನ್ನು ಹಳೆಯದೆಂದು ಭಾವಿಸುವವರಿಗೆ ಈ ಒಂದು ಸಾಲು ಸಾಕು.

ಊರಿನ ಹೆಸರಿನಲ್ಲಿಯೂ ಎಚ್ಚರ ಬೇಕು. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಕೂರ್ಗ್ ಅರೇಬಿಕಾ ಎಂಬ ಹೆಸರುಗಳು 2019ರಲ್ಲಿ ಭೌಗೋಳಿಕ ಸೂಚಕಗಳಾಗಿ ನೋಂದಣಿಗೊಂಡಿವೆ. ಹೆಸರಿಗೆ ಆಕರ್ಷಣೆ ಇದೆಯೆಂದು ಬಾಳ್ಳುಪೇಟೆಯ ಸುತ್ತಿನ ತೋಟದ ಕಾಫಿಗೆ ಅವುಗಳನ್ನು ಅಂಟಿಸುವುದು ಕಾನೂನಿನ ತೊಡಕನ್ನು ಕೈಯಾರೆ ತಂದುಕೊಂಡಂತೆ. “ಹಾಸನ ಜಿಲ್ಲೆ, ಸಕಲೇಶಪುರ ತಾಲ್ಲೂಕಿನ ತೋಟಗಳ ರೊಬಸ್ಟಾ” ಎಂದರೆ ಅದು ನಿಜವೂ ಹೌದು, ಸಾಕಷ್ಟು ಗೌರವದ ಮಾತೂ ಹೌದು.

ಮರಳಿಸುವಿಕೆ: ಫಲಕದ ಮಾತು ಸಾಲದು

“ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ” ಎಂಬ ಫಲಕ ನಮ್ಮ ಅಂಗಡಿಗಳಲ್ಲಿ ಹಳೆಯದು. ಅದೇ ವಾಕ್ಯವನ್ನು ಆನ್‌ಲೈನ್ ಅಂಗಡಿಗೆ ಎತ್ತಿಹಾಕಿದರೆ ರಕ್ಷಣೆ ದೊರೆಯಿತೆಂದು ಅನೇಕರು ಭಾವಿಸಿದ್ದಾರೆ. ಇದು ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೋಷವಿರುವ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. 2020ರ ಇ–ಕಾಮರ್ಸ್ ನಿಯಮಗಳು ಇನ್ನೂ ಮುಂದೆ ಹೋಗಿ, ಸರಕು ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳನ್ನು ಹೊಂದಿರದಿದ್ದರೂ ಹಿಂಪಡೆಯಲು ನಿರಾಕರಿಸುವಂತಿಲ್ಲ ಎನ್ನುತ್ತವೆ. ಇಲ್ಲಿ ವಿವರಣೆಯ ಮಾತುಗಳೇ ಅಳತೆಗೋಲು. “ಅತ್ಯುತ್ತಮ” ಎಂದು ಬರೆದವರು ಅತ್ಯುತ್ತಮವೆಂಬುದನ್ನು ಸಾಧಿಸಿ ತೋರಿಸುವ ಸಂಕಟಕ್ಕೆ ಒಳಗಾಗುತ್ತಾರೆ, “8 ಮಿ.ಮೀ. ಜರಡಿ, ನೂರಕ್ಕೆ ಐದು ಗ್ರಾಂ ಚಿಕ್ಕ ಕಾಯಿ” ಎಂದು ಬರೆದವರು ತೂಗಿ ತೋರಿಸಿ ವಿವಾದ ಮುಗಿಸಬಲ್ಲರು.

ಹಾಗೆ ನೋಡಿದರೆ ಇದು ಹೊಸ ತತ್ತ್ವವೇನಲ್ಲ. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮು, ವಿವರಣೆಯ ಮೇಲೆ ಮಾರಿದ ಸರಕು ವಿವರಣೆಗೆ ಹೊಂದಲೇಬೇಕೆಂದು ಹೇಳುತ್ತಲೇ ಬಂದಿದೆ.

ಆಹಾರ ಪದಾರ್ಥಕ್ಕೆ ಮರಳಿಸುವ ನಿಯಮವನ್ನು ಮೂರು ಸಂದರ್ಭಗಳಾಗಿ ಬಿಡಿಸಿ ಬರೆಯುವುದು ಉಚಿತ. ಮೊದಲನೆಯದು, ಪೊಟ್ಟಣ ಹರಿದಿದೆ, ಬೇರೆ ಸರಕು ಬಂದಿದೆ ಅಥವಾ ವಿವರಣೆಗೆ ಹೊಂದುತ್ತಿಲ್ಲ; ಇಲ್ಲಿ ಪೂರ್ಣ ಹಣ ಅಥವಾ ಬದಲಿ ಪೊಟ್ಟಣ, ಸಾಗಾಟದ ವೆಚ್ಚ ಮಾರಾಟಗಾರರದು. ಎರಡನೆಯದು, ಗ್ರಾಹಕರ ಮನಸ್ಸು ಬದಲಾಗಿದೆ, ಪೊಟ್ಟಣ ಒಡೆದಿಲ್ಲ. ಇಂತಿಷ್ಟು ದಿನಗಳೊಳಗೆ ಮರಳಿಸಬಹುದು, ಸಾಗಾಟದ ವೆಚ್ಚ ಗ್ರಾಹಕರದು. ಮೂರನೆಯದು, ಒಡೆದು ರುಚಿ ನೋಡಿ ಹಿಡಿಸಲಿಲ್ಲ. ಇಲ್ಲಿ ಮರಳಿಸಲಾಗದು ಎಂದು ನೇರವಾಗಿಯೇ ಹೇಳಬೇಕು, ಏಕೆಂದರೆ ಒಡೆದ ಆಹಾರವನ್ನು ಮತ್ತೊಬ್ಬರಿಗೆ ಕೊಡುವಂತಿಲ್ಲ ಎಂಬ ಕಾರಣವನ್ನು ಯಾವ ಗ್ರಾಹಕರೂ ಒಪ್ಪುತ್ತಾರೆ. ಈ ಮೂರನ್ನೂ ಪುಟದ ಕೊನೆಯ ನಿಬಂಧನೆಗಳಲ್ಲಿ ಹೂಳದೆ, ಬೆಲೆಯ ಕೆಳಗೇ ಇಡಬೇಕು.

ಮೂರನೆಯ ಸಂದರ್ಭದಲ್ಲಿ ಬಾಗಿಲು ಮುಚ್ಚುವವರು ಇನ್ನೊಂದು ಬಾಗಿಲನ್ನು ತೆರೆಯುವುದು ನ್ಯಾಯ. ಅದೇ 50 ಗ್ರಾಂನ ಚಿಕ್ಕ ಪೊಟ್ಟಣ. “ರುಚಿ ಗೊತ್ತಿಲ್ಲದವರು ಮೊದಲು ಇದನ್ನು ತರಿಸಿ ನೋಡಿ” ಎಂದು ಬರೆದರೆ, ಮಂಡಿಯಲ್ಲಿ ನಡೆದುಬಂದ ಮಾದರಿಯ ಪದ್ಧತಿಯೇ ಆನ್‌ಲೈನಿಗೂ ಬಂದಂತಾಯಿತು. ಆದರೆ ಒಂದು ಎಚ್ಚರಿಕೆ: ಮಾದರಿಯ ಪುಡಿಯೂ ದೊಡ್ಡ ಪೊಟ್ಟಣದ ಪುಡಿಯೂ ಒಂದೇ ಹುರಿತದ್ದಾಗಿರಬೇಕು. ಮಾದರಿ ತೋರಿಸಿ ಮಾರಿದ ಸರಕು ಮಾದರಿಗೆ ಹೊಂದಬೇಕೆಂಬುದೂ ಅದೇ 1930ರ ಕಾಯ್ದೆಯ 17ನೇ ಕಲಮಿನಲ್ಲಿದೆ.

ಒಂದು ವಿವರಣೆಯ ತಿದ್ದುಪಡಿ

ಮೇಲಿನ ಮಾತುಗಳನ್ನೆಲ್ಲ ಒಂದೇ ಸರಕಿಗೆ ಅನ್ವಯಿಸಿ ನೋಡಬಹುದು. “ಮಲೆನಾಡಿನ ಪರಿಶುದ್ಧ ಕಾಫಿ ಪುಡಿ, ಅಪ್ರತಿಮ ಸುವಾಸನೆ, ಒಮ್ಮೆ ಕುಡಿದರೆ ಮತ್ತೆ ಬಿಡಲಾರಿರಿ” ಎಂಬುದರ ಬದಲಿಗೆ ಈ ರೀತಿ ಬರೆಯಬಹುದು:

“ಕಾಫಿ–ಚಿಕೋರಿ ಮಿಶ್ರಣ: ಕಾಫಿ ಶೇ. 80, ಚಿಕೋರಿ ಶೇ. 20. ನಿವ್ವಳ ತೂಕ 500 ಗ್ರಾಂ. ಕಾಫಿ: ಸಕಲೇಶಪುರ ತಾಲ್ಲೂಕಿನ ರೊಬಸ್ಟಾ, ಮಧ್ಯಮ ಹುರಿತ. ಸ್ಟೀಲ್ ಹಾಗೂ ಹಿತ್ತಾಳೆ ಫಿಲ್ಟರಿಗೆ ಹೊಂದುವ ಪುಡಿ. ಫ್ರೆಂಚ್ ಪ್ರೆಸ್ಸಿಗೆ ಹೊಂದದು. ಬಿಸಿ ನೀರಿಗೆ ನೇರವಾಗಿ ಕಲಸಿ ಕುಡಿಯುವ ಇನ್‌ಸ್ಟಂಟ್ ಕಾಫಿ ಅಲ್ಲ. ಪ್ರತಿ ಮಂಗಳವಾರ ಹುರಿದು, ಬುಧವಾರ ಕಳುಹಿಸಲಾಗುವುದು. ಹುರಿದ ದಿನಾಂಕ ಪೊಟ್ಟಣದ ಮೇಲಿದೆ. ಹರಿದ ಅಥವಾ ತಪ್ಪಾದ ಪೊಟ್ಟಣಕ್ಕೆ ಪೂರ್ಣ ಹಣ ವಾಪಸು. ಒಡೆಯದ ಪೊಟ್ಟಣವನ್ನು 7 ದಿನಗಳೊಳಗೆ ನಿಮ್ಮ ವೆಚ್ಚದಲ್ಲಿ ಮರಳಿಸಬಹುದು. ಒಡೆದ ಪೊಟ್ಟಣವನ್ನು ರುಚಿಯ ಕಾರಣಕ್ಕೆ ಹಿಂಪಡೆಯಲಾಗದು. ಮೊದಲ ಬಾರಿ ಕೊಳ್ಳುವವರಿಗೆ 50 ಗ್ರಾಂ ಪೊಟ್ಟಣವಿದೆ.”

ಇದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಹುರಿದ ದಿನದ ಸಾಲನ್ನು ಮಾತ್ರ ವಿಶೇಷವಾಗಿ ಗಮನಿಸಬೇಕು. ಪೊಟ್ಟಣ ಸರಕುಗಳ 2011ರ ಕಾನೂನು ಮಾಪನ ನಿಯಮಗಳಂತೆ ತಯಾರಕರ ಹೆಸರು–ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಮುಂತಾದ ವಿವರಗಳನ್ನು ಆನ್‌ಲೈನ್ ಪುಟದಲ್ಲಿಯೂ ತೋರಿಸಬೇಕು. ಆದರೆ ತಯಾರಿಸಿದ ತಿಂಗಳು ಮತ್ತು ವರ್ಷಕ್ಕೆ ಪುಟದಲ್ಲಿ ವಿನಾಯಿತಿಯಿದೆ. ಅದು ಪೊಟ್ಟಣದ ಮೇಲಿದ್ದರೆ ಸಾಕು. ಕಾಫಿ ಕೊಳ್ಳುವವರಿಗಾದರೋ ಮೊದಲು ಬೇಕಾದದ್ದೇ ಅದು. ಕಾನೂನು ಕೇಳದ ಈ ಒಂದು ಸಾಲನ್ನು ಸ್ವಯಂ ಬರೆದವರು ಉಳಿದವರಿಗಿಂತ ಮುಂದಿರುತ್ತಾರೆ.

ಇಷ್ಟು ವಿವರ ಯಾರು ಓದುತ್ತಾರೆ, ಮೊಬೈಲ್ ಪರದೆಯಲ್ಲಿ ಚುಟುಕಾಗಿರಬೇಡವೇ ಎಂಬ ಆಕ್ಷೇಪ ಸಹಜ. ಎಲ್ಲರೂ ಎಲ್ಲವನ್ನೂ ಓದುವುದಿಲ್ಲ ಎಂಬುದು ನಿಜ. ಆದರೆ ಪ್ರತಿಯೊಬ್ಬರೂ ತಮ್ಮ ಸಂಶಯದ ಸಾಲನ್ನು ಹುಡುಕುತ್ತಾರೆ. ಅದು ಸಿಗದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ಚುಟುಕು ಬೇಕಾದಲ್ಲಿ ಕಡಿತವಾಗಬೇಕಾದದ್ದು ವಿಶೇಷಣಗಳೇ ಹೊರತು ಸಂಗತಿಗಳಲ್ಲ.

ಮಿತಿಗಳು ಮತ್ತು ಒಂದು ಪುಸ್ತಕ

ವಿವರಣೆಯಿಂದ ಎಲ್ಲ ಮರಳಿಕೆಯೂ ನಿಲ್ಲುವುದಿಲ್ಲ. ಸರಕು ತಲುಪಿದಾಗ ಹಣ ಕೊಡುವ ಪದ್ಧತಿಯಲ್ಲಿ ಬಾಗಿಲಲ್ಲೇ ನಿರಾಕರಿಸುವವರಿರುತ್ತಾರೆ. ಕೊರಿಯರ್ ಗೋದಾಮಿನಲ್ಲಿ ಮಳೆಗೆ ನೆನೆದ ಪೆಟ್ಟಿಗೆಗಳಿರುತ್ತವೆ. ಮೊದಲನೆಯದಕ್ಕೆ ಮುಂಗಡ ಪಾವತಿ ಮದ್ದು, ಎರಡನೆಯದಕ್ಕೆ ಪೊಟ್ಟಣ ಕಟ್ಟುವ ಕ್ರಮ. “ಅಂದುಕೊಂಡಂತಿರಲಿಲ್ಲ” ಎಂದು ಮರಳುವ ಪೊಟ್ಟಣಕ್ಕೆ ಮಾತ್ರ ವಿವರಣೆ ಮದ್ದು. ಯಾವುದು ಎಷ್ಟೆಂದು ತಿಳಿಯಲು ಪ್ರತ್ಯೇಕ ಪುಸ್ತಕವೊಂದನ್ನು ಇಡಬೇಕು. ಅದರಲ್ಲಿ ದಿನಾಂಕ, ಸರಕು, ಲಾಟ್ ಸಂಖ್ಯೆ, ಮರಳಿದ ಕಾರಣ ಗ್ರಾಹಕರ ಸ್ವಂತ ಮಾತಿನಲ್ಲಿ, ಆದ ನಷ್ಟ ಎಂಬ ಐದು ಅಂಕಣಗಳು ಸಾಕು. ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ, ಕೊಳ್ಳುವ ಮೊದಲು ದೂರವಾಣಿಯಲ್ಲಿ ಕೇಳಿದ ಪ್ರಶ್ನೆಗಳನ್ನೂ ಬರೆಯಬೇಕು. ಒಂದೇ ಪ್ರಶ್ನೆ ಮೂರು ಸಲ ಬಂದರೆ ಅದಕ್ಕೆ ಉತ್ತರಿಸುವ ಸಾಲು ವಿವರಣೆಯಲ್ಲಿ ಇಲ್ಲವೆಂದೇ ಅರ್ಥ. ಮರುದಿನವೇ ಆ ಸಾಲನ್ನು ಸೇರಿಸಬೇಕು.

ಕೊನೆಯದಾಗಿ, ತೋಟದ ಬೆಳೆ ವರ್ಷದಿಂದ ವರ್ಷಕ್ಕೆ ಒಂದೇ ತೆರನಾಗಿರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಏಲಕ್ಕಿಯ ಗಾತ್ರ ಇಳಿಯುತ್ತದೆ. ಒಣಗಿಸುವಾಗ ಮೋಡ ಕವಿದರೆ ಕಾಫಿಯ ಬಣ್ಣ ಬದಲಾಗುತ್ತದೆ. ಕಳೆದ ವರ್ಷ ಬರೆದ ನಿಜವಾದ ವಿವರಣೆ ಈ ವರ್ಷದ ಮಾಲಿನ ಮೇಲೆ ಸುಳ್ಳಾಗಬಹುದು. ಹೊಸ ಲಾಟ್ ಬಂದಾಗಲೆಲ್ಲ ಜರಡಿ ಆಡಿಸಿ, ತೂಗಿ, ಎಣಿಸಿ, ಅಂಕಿಗಳನ್ನು ತಿದ್ದಿದ ಮೇಲೆಯೇ ಮಾರಾಟಕ್ಕಿಡಬೇಕು. ಔಟ್‌ಟರ್ನ್ ನೋಡದೆ ಚೀಲಕ್ಕೆ ದರ ಕಟ್ಟದ ಬಾಳ್ಳುಪೇಟೆಯ ವರ್ತಕರಿಗೆ ಈ ಶಿಸ್ತು ಹೊಸದಲ್ಲ. ಕೊಳ್ಳುವಾಗ ತಾವು ಕೇಳುವ ಪ್ರಶ್ನೆಗಳಿಗೆ ಮಾರುವಾಗ ತಾವೇ ಉತ್ತರ ಬರೆದಿಡುವುದಷ್ಟೇ ಈಗ ಆಗಬೇಕಾದ ಕೆಲಸ.